ಒಂದು ಕ್ಲ್ಯಾಪ್ ಸಾಲದು

ಸಂಗೀತ ಕಛೇರಿಯ ವಿಡಿಯೊ ಮಾಡುವವರಲ್ಲಿ ಒಂದು ಪದ್ಧತಿ ಬೇರೂರಿದೆ. ವೇದಿಕೆಯ ಮೈಕುಗಳ ಧ್ವನಿ ಬೇರೆ ರೆಕಾರ್ಡರಿಗೆ ಹೋಗುತ್ತದೆ, ಚಿತ್ರ ಕ್ಯಾಮೆರಾಕ್ಕೆ. ಶುರುವಿನಲ್ಲಿ ಯಾರಾದರೊಬ್ಬರು ವೇದಿಕೆಯ ಮೇಲೆ ನಿಂತು ಕ್ಲ್ಯಾಪ್ ಹೊಡೆಯುತ್ತಾರೆ. ಎಡಿಟಿಂಗಿನಲ್ಲಿ ಅಂಗೈಗಳು ಕೂಡಿದ ಫ್ರೇಮನ್ನೂ ರೆಕಾರ್ಡರಿನ ಧ್ವನಿಯಲ್ಲಿ ಎದ್ದ ಚೂಪು ಗೆರೆಯನ್ನೂ ಹೊಂದಿಸಿದರೆ ಸಿಂಕ್ ಆಯಿತು ಎಂಬುದು ನಂಬಿಕೆ. ಐದು ನಿಮಿಷದ ಸಂದರ್ಶನಕ್ಕೆ ಇದು ಸಾಕು. ಎರಡು ಗಂಟೆ ತಡೆಯಿಲ್ಲದೆ ನಡೆಯುವ ಕಛೇರಿಗೆ ಸಾಲದು. ಎರಡೂ ಯಂತ್ರಗಳು ಒಂದು ಕ್ಷಣದಲ್ಲಿ ಎಲ್ಲಿದ್ದವು ಎಂದಷ್ಟೇ ಆ ಕ್ಲ್ಯಾಪ್ ಹೇಳುತ್ತದೆ. ಆಮೇಲೆ ಅವು ಯಾವ ವೇಗದಲ್ಲಿ ನಡೆದವು ಎಂದು ತಿಳಿಯಬೇಕಾದರೆ ಕೊನೆಯಲ್ಲಿ ಇನ್ನೊಂದು ಗುರುತು ಬೇಕೇ ಬೇಕು.

ಕಾರಣ ಸರಳ. ಕ್ಯಾಮೆರಾದೊಳಗೂ ರೆಕಾರ್ಡರಿನೊಳಗೂ ಬೇರೆ ಬೇರೆ ಸ್ಫಟಿಕ ಗಡಿಯಾರಗಳಿವೆ. ಎರಡೂ 48,000 ಹರ್ಟ್ಸ್ ಎಂದು ತೋರಿಸಿದರೂ ಎರಡರ ಸೆಕೆಂಡೂ ಒಂದೇ ಅಲ್ಲ. ಒಂದು ಉದಾಹರಣೆ ನೋಡೋಣ. ಮೊದಲ ಕ್ಲ್ಯಾಪಿನಿಂದ ಕೊನೆಯ ಕ್ಲ್ಯಾಪಿಗೆ ಕ್ಯಾಮೆರಾದ ಲೆಕ್ಕದಲ್ಲಿ 3600.00 ಸೆಕೆಂಡು, ರೆಕಾರ್ಡರಿನ ಲೆಕ್ಕದಲ್ಲಿ 3600.12. ವ್ಯತ್ಯಾಸ ಲಕ್ಷಕ್ಕೆ ಮೂರು ಪಾಲಿನಷ್ಟು. ಆದರೆ ಗಂಟೆಯ ಕೊನೆಗೆ ಧ್ವನಿ 120 ಮಿಲಿಸೆಕೆಂಡು, ಅಂದರೆ ಸೆಕೆಂಡಿಗೆ 25 ಫ್ರೇಮಿನ ವಿಡಿಯೊದಲ್ಲಿ ಮೂರು ಫ್ರೇಮು ತಡವಾಗಿ ಬೀಳುತ್ತದೆ. ಗಾಯಕರ ತುಟಿಯಲ್ಲಿ ಇದು ಕಾಣದೆ ಹೋಗಬಹುದು. ತನಿ ಆವರ್ತನದಲ್ಲಿ ಮಾತ್ರ ತಪ್ಪಿಸಿಕೊಳ್ಳಲಾರದು: ಮೃದಂಗದ ಮೇಲಿನ ಕೈ ಎದ್ದ ಮೇಲೆ ಪೆಟ್ಟು ಕೇಳಿಸುತ್ತದೆ. ಕಛೇರಿಯಲ್ಲಿ ತನಿ ಬರುವುದು ಬಹಳ ಹೊತ್ತಾದ ಮೇಲೆ, ಡ್ರಿಫ್ಟ್ ಬೆಳೆದಿರುವಾಗಲೇ.

ಟೈಮ್‌ಕೋಡ್ ಇದ್ದಾಗ ಈ ಚಿಂತೆ ಏಕೆ ಎಂಬುದು ಮುಖ್ಯ ಆಕ್ಷೇಪ. ಟೈಮ್‌ಕೋಡಿನ ಉಪಕಾರ ದೊಡ್ಡದು. ನಾಲ್ಕು ಕ್ಯಾಮೆರಾಗಳ ಹತ್ತಾರು ಕ್ಲಿಪ್ಪುಗಳನ್ನು ಕ್ಷಣದಲ್ಲಿ ಟೈಮ್‌ಲೈನಿನ ಮೇಲೆ ತಂದಿಡುತ್ತದೆ. ಆದರೆ ಸಾಮಾನ್ಯವಾಗಿ ಅದು ಫೈಲಿಗೆ ಅಂಟಿಸುವುದು ಆರಂಭದ ಹೊತ್ತನ್ನು. ಫೈಲಿನೊಳಗೆ ಸ್ಯಾಂಪಲ್ಲುಗಳನ್ನು ಎಣಿಸುತ್ತಾ ಹೋಗುವುದು ಯಂತ್ರದ ಸ್ವಂತ ಗಡಿಯಾರವೇ. ಗಡಿಯಾರಗಳನ್ನೇ ಬೆಸೆಯಬೇಕಾದರೆ ಕ್ಯಾಮೆರಾಕ್ಕೆ ಜೆನ್‌ಲಾಕ್, ರೆಕಾರ್ಡರಿಗೆ ವರ್ಡ್ ಕ್ಲಾಕ್ ಬೇಕು. ಸಣ್ಣ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಆ ಕಿಂಡಿಯೇ ಇರುವುದಿಲ್ಲ. ಟೈಮ್‌ಕೋಡ್ ಪೆಟ್ಟಿಗೆಯ ಸಿಗ್ನಲ್ಲನ್ನು ರೆಕಾರ್ಡರಿನ ಖಾಲಿ ಟ್ರ್ಯಾಕಿನಲ್ಲಿ ಧ್ವನಿಯಾಗಿಯೇ ಮುದ್ರಿಸಿಕೊಂಡರೆ ಅದು ಮೊದಲಿನಿಂದ ಕೊನೆವರೆಗೂ ಅಳತೆಕೋಲಾಗುತ್ತದೆ. ಆಗಲೂ ಅದು ಡ್ರಿಫ್ಟನ್ನು ತೋರಿಸುತ್ತದೆ, ಸರಿಮಾಡುವುದಿಲ್ಲ.

ತಂತ್ರಾಂಶವೇ ಕ್ಯಾಮೆರಾ ಮೈಕಿನ ಧ್ವನಿಯೊಂದಿಗೆ ಹೋಲಿಸಿ ಹೊಂದಿಸುತ್ತದಲ್ಲ ಎನ್ನುವವರೂ ಇದ್ದಾರೆ. ಇಲ್ಲಿ ದೂರವನ್ನು ಮರೆಯಬಾರದು. ವೇದಿಕೆಯಿಂದ 14 ಮೀಟರ್ ಹಿಂದಿರುವ ಕ್ಯಾಮೆರಾಕ್ಕೆ ಸದ್ದು ತಲುಪಲು ಸುಮಾರು 40 ಮಿಲಿಸೆಕೆಂಡು, ಒಂದು ಇಡೀ ಫ್ರೇಮು, ಬೇಕು. ಆ ಮೈಕಿಗೆ ಹೊಂದಿಸಿದ ಶುದ್ಧ ಧ್ವನಿಯೂ ಅಷ್ಟೇ ತಡವಾಗಿ ಕೂರುತ್ತದೆ. ಆದ್ದರಿಂದ ಜಾಗ ಹೊಂದಿಸಲು ಚಿತ್ರವನ್ನು ನಂಬಬೇಕು. ವೇಗ ಅಳೆಯಲು ಮಾತ್ರ ಕ್ಯಾಮೆರಾ ಮೈಕೇ ಮೇಲು: ಎರಡು ಕ್ಲ್ಯಾಪುಗಳೂ ಒಂದೇ ಜಾಗದಿಂದ ಬಂದಿದ್ದರೆ ದೂರದ ತಡ ಎರಡರಲ್ಲೂ ಸಮನಾಗಿ ಕಳೆದುಹೋಗುತ್ತದೆ, ಫ್ರೇಮಿಗಿಂತ ಸೂಕ್ಷ್ಮವಾದ ಅಳತೆಯೂ ಸಿಗುತ್ತದೆ. ಮೊದಲಿಗೂ ಕೊನೆಗೂ ಒಂದೇ ಅಂತರವಿದ್ದರೆ ಅದು ಜಾಗದ ತಪ್ಪು. ಸಮವಾಗಿ ಬೆಳೆಯುತ್ತಾ ಹೋದರೆ ಡ್ರಿಫ್ಟ್.

ದುರಸ್ತಿಯಲ್ಲಿ ಹೆಚ್ಚು ಬಳಕೆಯಲ್ಲಿರುವುದು ಕತ್ತರಿ: ಧ್ವನಿಯನ್ನು ಅಲ್ಲಲ್ಲಿ ತುಂಡರಿಸಿ ಒಂದೊಂದು ಫ್ರೇಮು ಸರಿಸುವುದು. ಭಾಷಣಕ್ಕಾದರೆ ಇದು ನಡೆಯುತ್ತದೆ, ಮಾತಿನ ನಡುವೆ ಮೌನವಿರುತ್ತದೆ. ಕಛೇರಿಯಲ್ಲಿ ತಂಬೂರಿ ನಿಲ್ಲುವುದೇ ಇಲ್ಲ. ತುಂಡು ಮಾಡಿದಲ್ಲೆಲ್ಲ ಶ್ರುತಿಯ ನಾದ ಮುಕ್ಕಾಗುತ್ತದೆ, ಆವರ್ತದೊಳಗೆ 40 ಮಿಲಿಸೆಕೆಂಡು ಕದ್ದರೆ ಲಯವೂ ಎಡವುತ್ತದೆ. ಸರಿಯಾದ ದಾರಿ ಇಡೀ ಧ್ವನಿಯ ವೇಗವನ್ನೇ ತಿದ್ದುವುದು. 3600.12 ಅನ್ನು 3600.00ರಿಂದ ಭಾಗಿಸಿದರೆ 1.0000333. ಸೆಕೆಂಡುಗಳನ್ನು ಹೀಗೆ ಭಾಗಿಸಿದ ಅನುಪಾತವೇ ಆಜ್ಞೆಗೆ ಬೇಕಾದ ಸಂಖ್ಯೆ:

```
sox kacheri.wav sari.wav speed 1.0000333
```

ಶ್ರುತಿ ಏರಿಬಿಡುತ್ತದೆ ಎಂಬ ಅಂಜಿಕೆ ಸಹಜ, ಆದರೆ ಇಲ್ಲಿನ ಏರಿಕೆ ಅರ್ಧಸ್ವರದ ಸಾವಿರದಲ್ಲೊಂದು ಪಾಲನ್ನೂ ಮುಟ್ಟುವುದಿಲ್ಲ. ಯಾವ ಕಿವಿಗೂ ತಿಳಿಯದು. ಶ್ರುತಿ ಉಳಿಸುವ ಆಯ್ಕೆಯನ್ನು ಒತ್ತಿದರೆ ತಂತ್ರಾಂಶ ಧ್ವನಿಯನ್ನು ಚೂರುಮಾಡಿ ಮತ್ತೆ ಹೆಣೆಯುತ್ತದೆ, ಮೃದಂಗದ ಪೆಟ್ಟಿನ ಮೊನೆ ಮೊಂಡಾಗುವ ಅಪಾಯ ಅಲ್ಲಿದೆ. ವೇಗದ ಶೇಕಡಾವನ್ನು ಎರಡು ದಶಮಾಂಶಕ್ಕೆ ಮಾತ್ರ ಒಪ್ಪುವ ಎಡಿಟಿಂಗ್ ತಂತ್ರಾಂಶವೂ ಇಲ್ಲಿ ನಿರುಪಯೋಗಿ: 100.01 ಎಂದು ಕೊಟ್ಟರೆ ಗಂಟೆಗೆ 360 ಮಿಲಿಸೆಕೆಂಡು ಬದಲಾಗಿ, ಮೂಲ ತಪ್ಪಿನ ಮೂರರಷ್ಟು ತಿದ್ದಿದಂತಾಗುತ್ತದೆ.

ಈ ಲೆಕ್ಕಕ್ಕೆ ಮಿತಿಯಿದೆ. ತಿದ್ದಿದ ಮೇಲೆ ನಡುವಿನ ಒಂದು ಸ್ಪಷ್ಟ ಮೃದಂಗದ ಪೆಟ್ಟನ್ನು ನೋಡಬೇಕು. ಎರಡು ತುದಿಗಳೂ ಕೂಡಿ ನಡುವೆ ತಪ್ಪಿದರೆ, ಕ್ಯಾಮೆರಾ ಫ್ರೇಮು ಕಳೆದುಕೊಂಡಿದೆ, ಇಲ್ಲವೇ ಫೋನಿನಲ್ಲಿ ಹಿಡಿದ ವಿಡಿಯೊ ಆಗಿದ್ದು ಅದರ ಫ್ರೇಮ್ ವೇಗ ಸ್ಥಿರವಾಗಿಲ್ಲ. ಆಗ ವಿಡಿಯೊವನ್ನು ಮೊದಲು ಸ್ಥಿರ ಫ್ರೇಮ್ ವೇಗಕ್ಕೆ ಪರಿವರ್ತಿಸಿ, ಅಳತೆಯನ್ನು ಹೊಸದಾಗಿ ಶುರುಮಾಡಬೇಕು.