‘ಇಲ್ಲ ಸರ್’ ಎಂದರೆ ಹೌದೋ ಅಲ್ಲವೋ: ಒಂದು ಸಂದರ್ಶನ ಟಿಪ್ಪಣಿಗೆ ಸಾಲುಸಾಲು ವ್ಯಾಖ್ಯಾನ

ನಮ್ಮದು ಸಣ್ಣ ಡೇರಿ. ಹಾಲು ಶೀತಲೀಕರಣ ಕೇಂದ್ರದ ಲ್ಯಾಬಿಗೆ ಒಬ್ಬರು ಬೇಕಿತ್ತು. ಐದು ಮಂದಿಯನ್ನು ಕರೆಸಿ ಮಾತಾಡಿಸಿದೆವು. ಆಯ್ಕೆ ಸಮಿತಿಯ ಮೂವರಲ್ಲಿ ಇಬ್ಬರು ಅಂದು ಊರಲ್ಲಿರಲಿಲ್ಲ. ಹಾಗಾಗಿ ಅಭ್ಯರ್ಥಿಗಳ ಒಪ್ಪಿಗೆ ಕೇಳಿ ಸಂದರ್ಶನವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಒಂದೊಂದಕ್ಕೂ ಅರ್ಧ ಪುಟದ ಟಿಪ್ಪಣಿ ಬರೆಯುವ ಕೆಲಸ ನನ್ನ ತಲೆಗೆ ಬಂತು. ಕೆಳಗಿರುವುದು ಮೂರನೆಯ ಅಭ್ಯರ್ಥಿಯ ಬಗ್ಗೆ ನಾನು ಮೊದಲು ಬರೆದದ್ದು. ಸಮಿತಿಗೆ ಕಳಿಸುವ ಮುನ್ನ 38 ನಿಮಿಷದ ರೆಕಾರ್ಡಿಂಗನ್ನು ಇನ್ನೊಮ್ಮೆ ಕೇಳುತ್ತಾ ಸಾಲುಸಾಲಾಗಿ ಹೊಂದಿಸಿ ನೋಡಿದೆ. ಏಳು ಸಾಲಿನಲ್ಲಿ ಒಂದೂ ಹಾಗೇ ಉಳಿಯಲಿಲ್ಲ.

1. “ಅಭ್ಯರ್ಥಿ ಆತ್ಮವಿಶ್ವಾಸದಿಂದ ಮಾತಾಡಿದರು.”

ರೆಕಾರ್ಡಿಂಗಿನಲ್ಲಿ ಆತ್ಮವಿಶ್ವಾಸ ಎಂಬುದು ಎಲ್ಲೂ ಕೇಳಿಸುವುದಿಲ್ಲ. ಕೇಳಿಸುವುದು ದೊಡ್ಡ ದನಿ, ತಡವರಿಸದ ಮಾತು. ಅದು ಆತ್ಮವಿಶ್ವಾಸವೆಂದು ತೀರ್ಮಾನಿಸಿದವನು ನಾನು. ಲ್ಯಾಬಿನಲ್ಲಿ ಕೂತು ಹಾಲು ಅಳೆಯುವವರಿಗೆ ದೊಡ್ಡ ದನಿ ಯಾಕೆ ಬೇಕು ಎಂದು ಕೇಳಿಕೊಂಡೆ, ಉತ್ತರ ಸಿಗಲಿಲ್ಲ. ಸಾಲು ಹೊಡೆದುಹಾಕಿದೆ.

2. “ಹಾಲು ಪರೀಕ್ಷೆಯ ಬಗ್ಗೆ ಉತ್ತಮ ಜ್ಞಾನವಿದೆ.”

ಇದು ನಿಜವೇ ಇರಬಹುದು. ಆದರೆ ಓದಿದವರು ಒಪ್ಪಲಿಕ್ಕೂ ಆಗದ, ಅಲ್ಲಗಳೆಯಲಿಕ್ಕೂ ಆಗದ ಮಾತಿದು. ಯಾವ ಪ್ರಶ್ನೆಗೆ ಏನು ಹೇಳಿದರು ಎಂಬುದೇ ಇಲ್ಲ.

ರೆಕಾರ್ಡಿಂಗಿನ 8:15ಕ್ಕೆ ನಮ್ಮ ಲ್ಯಾಬಿನ ಹಿರಿಯರು ಕೇಳುತ್ತಾರೆ: ಲ್ಯಾಕ್ಟೋಮೀಟರ್ ಸರಿಯಾಗಿ ತೋರಿಸುತ್ತಿದೆ, ಆದರೂ ಹಾಲಿನ ಮೇಲೆ ಅನುಮಾನ, ಏನು ಮಾಡ್ತೀರಿ? ಅವರ ಉತ್ತರ: “ನೀರು ಹಾಕಿ, ಕೆನೆನೂ ತೆಗೆದಿದ್ರೆ ಲ್ಯಾಕ್ಟೋಮೀಟರ್ ಸರಿಯೇ ತೋರಿಸ್ತದೆ. ಫ್ಯಾಟ್ ಟೆಸ್ಟ್ ಮಾಡದೆ ಹೇಳಕ್ಕಾಗಲ್ಲ.” ಕೆಲಸ ಗೊತ್ತಿದ್ದವರ ಮಾತು ಇದು. ಕೆನೆ ಹಗುರ, ತೆಗೆದರೆ ಉಳಿದ ಹಾಲಿನ ಸಾಂದ್ರತೆ ಏರುತ್ತದೆ, ರೀಡಿಂಗ್ ಮೇಲೆ ಹೋಗುತ್ತದೆ. ನೀರು ಬೆರೆಸಿದರೆ ಇಳಿಯುತ್ತದೆ. ಎರಡನ್ನೂ ಅಳತೆ ನೋಡಿ ಮಾಡಿದವನ ಹಾಲು ಲ್ಯಾಕ್ಟೋಮೀಟರಿನ ಮುಂದೆ ಶುದ್ಧವಾಗಿಯೇ ನಿಲ್ಲುತ್ತದೆ. ಟಿಪ್ಪಣಿಯಲ್ಲಿ ಈಗ ಆ ಉತ್ತರವಿದೆ, ಪಕ್ಕದಲ್ಲಿ 8:15 ಎಂದಿದೆ. ‘ಉತ್ತಮ’ ಎಂಬ ಪದ ಬೇಕಾಗಲೇ ಇಲ್ಲ.

ಹಾಲಿನ ಉಷ್ಣತೆಗೆ ತಕ್ಕಂತೆ ಲ್ಯಾಕ್ಟೋಮೀಟರ್ ರೀಡಿಂಗ್ ತಿದ್ದಿಕೊಳ್ಳಬೇಕು ಎಂಬುದನ್ನು ಅವರು ಹೇಳಲಿಲ್ಲ. ‘ಉಷ್ಣತೆಯ ತಿದ್ದುಪಡಿ ಗೊತ್ತಿಲ್ಲ’ ಎಂದು ಬರೆಯಲು ಕೈ ಮುಂದೆ ಹೋಗಿತ್ತು. ಆದರೆ ಆ ಪ್ರಶ್ನೆಯನ್ನು ಯಾರೂ ಕೇಳಿಲ್ಲ. ‘ಕೇಳಿಲ್ಲ’ ಎಂಬುದನ್ನು ‘ಗೊತ್ತಿಲ್ಲ’ ಎಂದು ಬರೆದರೆ ನಮ್ಮ ತಪ್ಪಿಗೆ ಅವರು ದಂಡ ಕಟ್ಟಿದಂತೆ. ಐವರ ಟಿಪ್ಪಣಿಗೂ ಕೊನೆಯಲ್ಲಿ ‘ಕೇಳದೆ ಬಿಟ್ಟದ್ದು’ ಎಂದು ಒಂದು ಜಾಗ ಮಾಡಿದೆ. ಇದು ಅಲ್ಲಿಗೆ ಹೋಯಿತು.

3. “ಹಿಂದಿನ ಡೇರಿಯಲ್ಲಿ ಕಲಬೆರಕೆ ಪತ್ತೆ ಹಚ್ಚಲಾಯಿತು. ಅದರಲ್ಲಿ ಅಭ್ಯರ್ಥಿಯ ಸ್ವಂತ ಪಾತ್ರ ಸ್ಪಷ್ಟವಿಲ್ಲ.”

ನನ್ನನ್ನು ಹೆಚ್ಚು ಹೊತ್ತು ಕೂರಿಸಿದ ಸಾಲು ಇದೇ. 14:20ರಿಂದ ಅವರು ಹೇಳುವುದು ಹೀಗೆ: “ಒಂದೇ ರೂಟಿನ ಹಾಲು ನಾಲ್ಕು ದಿನ ಫ್ಯಾಟ್ ಕಡಿಮೆ ಬಂತ್ರಿ. ನಾವು ಕ್ಯಾನ್ ಕ್ಯಾನಿಂದ ಸ್ಯಾಂಪಲ್ ತೆಗೆದ್ವಿ. ಎರಡು ಕ್ಯಾನಲ್ಲಿ ಸಿಕ್ತು.”

ಆಡಿದ್ದು ‘ನಾವು ತೆಗೆದ್ವಿ’. ನಾನು ಬರೆದದ್ದು ‘ಪತ್ತೆ ಹಚ್ಚಲಾಯಿತು’. ಕಚೇರಿ ಕನ್ನಡದ ಈ ‘ಲಾಯಿತು’ ಮಾಡಿದವರನ್ನೇ ಮಾಯ ಮಾಡುತ್ತದೆ. ಕರ್ತೃವನ್ನು ನಾನೇ ಅಳಿಸಿ, ಮುಂದಿನ ವಾಕ್ಯದಲ್ಲಿ ‘ಪಾತ್ರ ಸ್ಪಷ್ಟವಿಲ್ಲ’ ಎಂದು ಅವರ ಮೇಲೆ ದೂರು ಹೊರಿಸಿದ್ದೆ.

ಇನ್ನು ಆ ‘ನಾವು’. ನಮ್ಮಲ್ಲಿ ಬಹಳ ಮಂದಿಗೆ ನಾಲ್ಕು ಜನರೆದುರು ‘ನಾನು ಮಾಡಿದೆ, ನಾನು ಹಿಡಿದೆ’ ಎನ್ನಲು ನಾಲಿಗೆ ಹೊರಳುವುದಿಲ್ಲ. ಒಬ್ಬರೇ ಮಾಡಿದ ಕೆಲಸಕ್ಕೂ ‘ನಾವು’ ಎಂದೇ ಹೇಳುತ್ತಾರೆ. ಇತ್ತ, ಏನೂ ಮಾಡದೆ ಪಕ್ಕದಲ್ಲಿ ನಿಂತವರೂ ‘ನಾವು’ ಎನ್ನುತ್ತಾರೆ. ಪದ ಒಂದೇ ಆದ್ದರಿಂದ ಯಾವುದು ಯಾವುದೆಂದು ಟಿಪ್ಪಣಿ ಬರೆಯುವವನು ಊಹಿಸಲು ಹೋಗಬಾರದು, ಒಳ್ಳೆಯದಕ್ಕಾಗಲಿ ಕೆಟ್ಟದ್ದಕ್ಕಾಗಲಿ. ‘ಅದರಲ್ಲಿ ನಿಮ್ಮ ಕೈಯಿಂದ ಆದದ್ದು ಯಾವುದಮ್ಮಾ?’ ಎಂದು ಅಲ್ಲೇ ಕೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ಯಾರೂ ಕೇಳಲಿಲ್ಲ, ಮ್ಯಾನೇಜರರು ಮುಂದಿನ ಪ್ರಶ್ನೆಗೆ ಹೋದರು.

ಆದರೆ ಎರಡು ನಿಮಿಷ ಕಳೆದ ಮೇಲೆ, ಬೇರೇನನ್ನೋ ಹೇಳುವಾಗ, ಅವರ ಬಾಯಲ್ಲಿ ಒಂದು ‘ನಾನು’ ಬರುತ್ತದೆ: “ನಾನು ಹಿಂದಿನ ತಿಂಗಳ ರಿಜಿಸ್ಟರ್ ತೆಗೆದು ನೋಡಿದೆ, ಆ ರೂಟಲ್ಲಿ ಯಾವತ್ತೂ ಅಷ್ಟು ಕಡಿಮೆ ಬಂದಿರಲಿಲ್ಲ.” ಮೊದಲ ಸಲ ಕೇಳುವಾಗ ಇದು ನನ್ನ ಕಿವಿಗೆ ಬಿದ್ದಿರಲೇ ಇಲ್ಲ. ಸಾಲು ಈಗ ಹೀಗಿದೆ: ‘ಒಂದು ರೂಟಿನಲ್ಲಿ ಫ್ಯಾಟ್ ಇಳಿದಾಗ ಹಿಂದಿನ ತಿಂಗಳ ರಿಜಿಸ್ಟರ್ ಜತೆ ತಾವೇ ಹೋಲಿಸಿದ್ದಾಗಿ ಹೇಳಿದರು (16:05). ಸ್ಯಾಂಪಲ್ ತೆಗೆದದ್ದನ್ನು “ನಾವು” ಎಂದರು (14:20). ಯಾರು ತೆಗೆದದ್ದೆಂದು ಕೇಳಿಲ್ಲ.’

ಉಲ್ಲೇಖದ ಬಗ್ಗೆ ಇಲ್ಲೇ ಒಂದು ಮಾತು. ಇವರು ಹುಬ್ಬಳ್ಳಿ ಕಡೆಯವರು. ನನ್ನ ಮೊದಲ ಪ್ರತಿಯಲ್ಲಿ ಇವರ ಮಾತನ್ನು ‘ತಗದ್ವಿ ರೀ’, ‘ಬಂದಿದ್ದಿಲ್ರೀ’ ಎಂದು ಉಚ್ಚಾರ ಸಮೇತ ಇಳಿಸಿದ್ದೆ. ನಮ್ಮ ಸೀಮೆಯ ಇನ್ನು ನಾಲ್ವರ ಮಾತನ್ನು ಗ್ರಂಥಸ್ಥ ಕನ್ನಡಕ್ಕೆ ತಿದ್ದಿದ್ದೆ. ಐದು ಟಿಪ್ಪಣಿಯನ್ನು ಒಟ್ಟಿಗೆ ಓದಿದರೆ ನಾಲ್ವರು ಓದಿದವರು, ಇವರೊಬ್ಬರು ಹಳ್ಳಿಯವರು ಎನ್ನಿಸುತ್ತಿತ್ತು. ಬೇಕೆಂದು ಮಾಡಿದ್ದಲ್ಲ, ನನಗೆ ಹೊಸದಾಗಿ ಕೇಳಿಸಿದ್ದು ಅದೊಂದೇ, ಅಷ್ಟೆ. ಪದ ಅವರದ್ದೇ ಇರಲಿ, ಬರೆಯುವ ರೀತಿ ಐವರಿಗೂ ಒಂದೇ ಇರಲಿ ಎಂದು ಎಲ್ಲವನ್ನೂ ಮತ್ತೆ ಬರೆದೆ.

4. “ಕಂಪ್ಯೂಟರ್ ಬರುವುದಿಲ್ಲ.”

23:40. ಮ್ಯಾನೇಜರರ ಪ್ರಶ್ನೆ: “ಕಂಪ್ಯೂಟರ್ ಎಲ್ಲ ಅಷ್ಟಾಗಿ ಬರಲ್ಲ ಅಲ್ವಾ ನಿಮಗೆ?” ಉತ್ತರ: “ಇಲ್ಲ ಸರ್…” ಅಷ್ಟರಲ್ಲಿ ಯಾರದ್ದೋ ಫೋನ್ ಹೊಡೆದುಕೊಂಡಿತು. ಮಾತು ಅಲ್ಲಿಗೇ ತುಂಡು.

‘ಬರಲ್ಲ ಅಲ್ವಾ’ ಎಂಬುದಕ್ಕೆ ‘ಇಲ್ಲ’ ಎಂದರೆ ಎರಡರ್ಥ. ‘ಹೂಂ, ಬರಲ್ಲ’ ಎಂದೂ ಆಗುತ್ತದೆ. ‘ಇಲ್ಲ, ಹಾಗೇನಿಲ್ಲ, ಬರುತ್ತೆ’ ಎಂದೂ ಆಗುತ್ತದೆ. ಮನೆಯಲ್ಲಿ ‘ಊಟ ಆಗಿಲ್ವಾ?’ ಎಂದು ಕೇಳಿ ‘ಇಲ್ಲ’ ಎನ್ನಿಸಿಕೊಂಡರೆ ಮುಖ ನೋಡಿ ತಿಳಿಯುತ್ತೇವೆ. ರೆಕಾರ್ಡಿಂಗಿನಲ್ಲಿ ಮುಖವಿಲ್ಲ. ದನಿ ಏರಿತೋ ಇಳಿಯಿತೋ ಎಂದು ಆ ಒಂದೂವರೆ ಸೆಕೆಂಡನ್ನು ಆರು ಸಲ ಕೇಳಿದೆ, ಫೋನಿನ ಸದ್ದಿನಲ್ಲಿ ಏನೂ ತಿಳಿಯಲಿಲ್ಲ. ಮೊದಲ ಸಲ ಇಷ್ಟು ಖಚಿತವಾಗಿ ‘ಬರುವುದಿಲ್ಲ’ ಎಂದು ಹೇಗೆ ಬರೆದೆ? ಪ್ರಶ್ನೆಯೊಳಗೇ ಉತ್ತರ ಇತ್ತು, ಅದನ್ನು ನಂಬಿದ್ದೆ. ಕೇಳಿದವರ ಊಹೆ ಹೇಳಿದವರ ಮಾತಾಗಿ ಟಿಪ್ಪಣಿಗೆ ಇಳಿದಿತ್ತು.

ಅವರ ಅರ್ಜಿಯಲ್ಲಿ ನೋಡಿದರೆ, ಸಂಘದ ಹಾಲು ಸಂಗ್ರಹ ಯಂತ್ರದಲ್ಲಿ ಎರಡು ವರ್ಷ ಎಂಟ್ರಿ ಮಾಡಿದ್ದಾಗಿ ಇದೆ. ಅದನ್ನು ಬರೆದೆ, ಆದರೆ ‘ಅರ್ಜಿಯಲ್ಲಿದೆ, ಸಂದರ್ಶನದಲ್ಲಿ ಬಂದಿಲ್ಲ’ ಎಂದು ಬೇರೆ ಮಾಡಿಯೇ. ಪ್ರಶ್ನೆಯನ್ನೂ ಪದಶಃ ಹಾಕಿದೆ. ಉತ್ತರ ಯಾವ ಪ್ರಶ್ನೆಗೆ ಬಂತೆಂದು ಕಾಣದಿದ್ದರೆ ಸಮಿತಿಯವರು ಉತ್ತರವನ್ನು ತೂಗುವುದು ಹೇಗೆ? ಮ್ಯಾನೇಜರರಿಗೆ ಸ್ವಲ್ಪ ಮುಜುಗರವಾಯಿತು ಅನ್ನಿ.

5. “ರೈತರು ಜಗಳಕ್ಕೆ ಬಂದರೆ ನಿಭಾಯಿಸುವುದು ಕಷ್ಟ ಎನಿಸುತ್ತದೆ.”

‘ಎನಿಸುತ್ತದೆ’ ಎಂದಿದ್ದೇನೆ. ಯಾರಿಗೆ? ನನಗೆ. ಯಾಕೆ? ‘ಫ್ಯಾಟ್ ಕಡಿಮೆ ಬರೆದಿದ್ದೀರಿ ಅಂತ ರೈತ ಕೂಗಾಡಿದರೆ?’ ಎಂದಾಗ ಒಂಬತ್ತು ಸೆಕೆಂಡು ಸುಮ್ಮನಿದ್ದರು. ರೆಕಾರ್ಡಿಂಗ್ ಕೇಳುವವನಿಗೆ ಒಂಬತ್ತು ಸೆಕೆಂಡು ಬಹಳ ಉದ್ದ. ಆಮೇಲೆ ಬಂದ ಉತ್ತರ ನೇರವಾಗಿದೆ: “ಅವರೆದುರಿಗೇ ಇನ್ನೊಂದು ಸಲ ಟೆಸ್ಟ್ ಮಾಡಿ ತೋರಿಸ್ತೀನಿ. ಅದೇ ಬಂದರೆ ಸ್ಲಿಪ್ ಕೊಡ್ತೀನಿ” (27:05). ಮೌನವನ್ನು ಬಿಟ್ಟು ಉತ್ತರವನ್ನು ಬರೆದೆ. ಮತ್ತೆ ಟೆಸ್ಟ್ ಮಾಡಬೇಕಾದರೆ ಅದೇ ಹಾಲಿನ ಸ್ಯಾಂಪಲ್ ಎತ್ತಿಟ್ಟಿರಬೇಕು. ಅದನ್ನು ಹೇಳಲಿಲ್ಲ, ಎರಡನೇ ಸಲ ಬೇರೆ ಅಂಕಿ ಬಂದರೆ ಏನೆಂದೂ ಹೇಳಲಿಲ್ಲ. ಮೊದಲನೆಯದು ಈ ಪ್ರಶ್ನೆಯೊಳಗೇ ಬರುವ ವಿಷಯವಾದ್ದರಿಂದ ಕೊರತೆಯೆಂದು ದಾಖಲಿಸಿದೆ. ಎರಡನೆಯದು ‘ಕೇಳದೆ ಬಿಟ್ಟದ್ದು’.

(ಬರೆಯದೆ ಬಿಟ್ಟಿದ್ದ ಸಾಲು)

29:10ಕ್ಕೆ ‘ಕೆಲಸದಲ್ಲಿ ನಿಮ್ಮಿಂದಾದ ಒಂದು ತಪ್ಪು ಹೇಳಿ’ ಎಂದು ಕೇಳಲಾಗಿದೆ. (ನೋಡಿ, ಮತ್ತೆ ‘ಲಾಗಿದೆ’. ಕೇಳಿದವನು ನಾನೇ.) “ಅಂಥದ್ದೇನೂ ಆಗಿಲ್ಲ ಸರ್” ಎಂದರು. ಇನ್ನೊಮ್ಮೆ, ಬೇರೆ ಮಾತಿನಲ್ಲಿ ಕೇಳಿದೆ. ಹಳೆಯ ಸಹೋದ್ಯೋಗಿಯೊಬ್ಬರ ತಪ್ಪಿನ ಕಥೆ ಹೇಳಿದರು. ಉಳಿದ ನಾಲ್ವರೂ ಒಂದೊಂದು ತಪ್ಪು ಒಪ್ಪಿಕೊಂಡಿದ್ದರು. ಮೊದಲ ಪ್ರತಿಯಲ್ಲಿ ಇದು ಇರಲೇ ಇಲ್ಲ. ಲ್ಯಾಕ್ಟೋಮೀಟರಿನ ಉತ್ತರ ಕೇಳಿ ಖುಷಿಯಾಗಿದ್ದವನಿಗೆ ಇದು ಕಿವಿಗೆ ಹೋಗಿರಲಿಲ್ಲ. ಒಂದು ಗುಣ ಇಷ್ಟವಾದರೆ ಉಳಿದದ್ದೆಲ್ಲ ಅದರ ಬೆಳಕಿನಲ್ಲೇ ಕಾಣುವುದನ್ನು ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲೇ ಬರೆದಿದ್ದಾರೆ. ಸೇನಾಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಕೊಟ್ಟ ಅಂಕಗಳನ್ನು ನೋಡಿದಾಗ, ಒಂದು ಗುಣಕ್ಕೆ ಹೆಚ್ಚು ಕೊಟ್ಟವರು ಸಂಬಂಧವಿಲ್ಲದ ಗುಣಕ್ಕೂ ಹೆಚ್ಚು ಕೊಟ್ಟಿದ್ದು ಅವರಿಗೆ ಕಂಡಿತ್ತು. ಎರಡು ಸಲ ಕೇಳಿದ್ದು, ಎರಡು ಉತ್ತರ, ಎರಡು ಸಮಯ: ಹಾಗೆಯೇ ಸೇರಿಸಿದೆ. ‘ಪ್ರಾಮಾಣಿಕತೆ ಸಾಲದು’ ಎಂಬ ವ್ಯಾಖ್ಯೆ ಸೇರಿಸಲಿಲ್ಲ.

6. “ಚಿಕ್ಕ ಮಗುವಿದೆ; ಬೆಳಗಿನ ಪಾಳಿಗೆ ಬರುವುದು ಅನುಮಾನ.”

ತೆಗೆದೆ. ಎದ್ದು ಹೋಗುವಾಗ ಬಾಗಿಲ ಬಳಿ ಬಂದ ಮಾತು ಅದು. ಮಗುವಿನ ವಿಷಯ ಗಂಡಸು ಅಭ್ಯರ್ಥಿಗಳನ್ನು ಯಾರೂ ಕೇಳಿರಲಿಲ್ಲ. ನೇಮಕಾತಿಯಲ್ಲಿ ಹೆಂಗಸರಿಗೆ ಭೇದ ಮಾಡಬಾರದೆಂದು 1976ರ ಸಮಾನ ಸಂಭಾವನೆ ಕಾಯ್ದೆಯೇ ಹೇಳಿತ್ತು. ಕೆಲಸಕ್ಕೆ ಬೇಕಾದದ್ದು ಬೆಳಗಿನ ಐದಕ್ಕೆ ಹಾಜರಿ. ಅದನ್ನು ಐವರಿಗೂ ಕೇಳಿದ್ದೆವು. ಇವರು “ಬರ್ತೀನಿ” ಎಂದರು, 35:30.

7. “ಒಟ್ಟಾರೆ ಒಳ್ಳೆಯ ಅಭ್ಯರ್ಥಿ. 7/10.”

ಯಾವುದಕ್ಕೆ ಏಳು? ಪರೀಕ್ಷೆಯ ತಿಳಿವಳಿಕೆ ಸೇರಿ ನಾಲ್ಕು ವಿಷಯಗಳನ್ನು ಸಂದರ್ಶನಕ್ಕೆ ಮೊದಲೇ ಬರೆದಿಟ್ಟಿದ್ದೆವು, ಪ್ರತಿಯೊಂದಕ್ಕೂ 1ರಿಂದ 5. ಇಂಥ ಉತ್ತರಕ್ಕೆ 2, ಇಂಥದ್ದಕ್ಕೆ 4 ಎಂಬ ಮಾದರಿಯೂ ಇತ್ತು. ಅದನ್ನು ಬದಿಗಿಟ್ಟು ಒಂದೇ ಅಂಕಿ ಕೊಟ್ಟರೆ ಓದುವವರು ಆ ಏಳನ್ನೇ ಹಿಡಿದುಕೊಂಡು ಮೇಲಿನದ್ದನ್ನು ಓದುವುದಿಲ್ಲ. ಅಂಕದ ಜಾಗ ಖಾಲಿ ಬಿಟ್ಟೆ. ಮೂವರೂ ಪರಸ್ಪರ ಮಾತಾಡುವ ಮೊದಲು ತಮ್ಮ ತಮ್ಮ ಅಂಕ ಬರೆಯಲಿ ಎಂದು.

‘ಕೇಳದೆ ಬಿಟ್ಟದ್ದು’ ಜಾಗದಲ್ಲಿ ಇವರ ಹೆಸರಿಗೆ ನಾಲ್ಕು ಪ್ರಶ್ನೆ ಉಳಿದಿದ್ದವು. ಉಳಿದವರಿಗೂ ಎರಡು ಮೂರು ಇದ್ದವು. ಐವರಿಗೂ ಫೋನ್ ಮಾಡಿ ಕೇಳಿದೆವು. ‘ಕಂಪ್ಯೂಟರಿನಲ್ಲಿ ನೀವು ಮಾಡಿದ ಕೆಲಸ ಯಾವುದು?’ ಎಂಬುದಕ್ಕೆ ಅವರು ದಿನದ ಹಾಲಿನ ಲೆಕ್ಕದಿಂದ ಹಿಡಿದು ಹದಿನೈದು ದಿನದ ಬಟವಾಡೆ ಪಟ್ಟಿಯವರೆಗೆ ಐದು ನಿಮಿಷ ಹೇಳಿದರು. ಕೊನೆಗೆ, “ಅವತ್ತೇ ಹೇಳಕ್ಕೆ ಹೊರಟಿದ್ದೆ ಸರ್, ಫೋನ್ ಬಂತು” ಎಂದರು. ಅದನ್ನೂ ಟಿಪ್ಪಣಿಗೆ ಸೇರಿಸಿದೆ, ಪಕ್ಕದಲ್ಲಿ ‘ರೆಕಾರ್ಡಿಂಗಿನಲ್ಲಿಲ್ಲ, ಫೋನಿನಲ್ಲಿ ಹೇಳಿದ್ದು’ ಎಂದು ಬರೆದು.