ಶಿಬಿರದಲ್ಲಿ ಮಣ್ಣಿನ ಕೆಲಸ ಯಾವ ದಿನ?

ಏಪ್ರಿಲ್ ಬಂತೆಂದರೆ ಬೆಳಗಿನ ಪತ್ರಿಕೆಯ ಜೊತೆ ಬೇಸಿಗೆ ಶಿಬಿರದ ಕರಪತ್ರಗಳೂ ಮನೆಗೆ ಬರುತ್ತವೆ. ‘ಹತ್ತು ದಿನ, ಹತ್ತು ಕಲೆ’ ಎನ್ನುವ ಸಾಲು ಅವುಗಳಲ್ಲಿ ಸಾಮಾನ್ಯ. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯಲ್ಲಿ ಫೋನ್ ಮಾಡಿ ಶುಲ್ಕ, ಸಮಯ, ವ್ಯಾನ್ ವಿಚಾರಿಸಿ ಮಗುವಿನ ಹೆಸರು ಬರೆಸುತ್ತಾರೆ. ಅದೇ ಫೋನಿನಲ್ಲಿ ಇನ್ನೊಂದು ಮಾತು ಕೇಳಿ: ಮಣ್ಣಿನ ಕೆಲಸ ಯಾವ ದಿನ ಶುರುವಾಗುತ್ತದೆ?

ಮೊದಲ ಅಥವಾ ಎರಡನೆಯ ದಿನ ಎಂದರೆ ಅಲ್ಲಿ ಕೆಲಸ ಬಲ್ಲವರಿದ್ದಾರೆ ಎಂದು ನಂಬಬಹುದು. ಕೊನೆಯ ದಿನ ಎಂದರೆ ಯೋಚಿಸಿ. ಮಣ್ಣಿಗೆ ಒಣಗಲು ದಿನಗಳು ಬೇಕು.

ಏಳು ವರ್ಷದ ಮಗು ಆನೆ ಮಾಡುತ್ತಿದೆ ಎನ್ನಿ. ಮಣ್ಣನ್ನು ಚಪಾತಿ ಹಿಟ್ಟಿನಂತೆ ನಾದಿ ಗಾಳಿ ಹೊರಡಿಸಬೇಕು. ದಪ್ಪ ಹೊಟ್ಟೆಯನ್ನು ಕೆಳಗಿನಿಂದ ಚಮಚದಲ್ಲಿ ಕೆರೆದು ಟೊಳ್ಳು ಮಾಡಬೇಕು. ಸೊಂಡಿಲನ್ನು ಸುಮ್ಮನೆ ಒತ್ತಿ ಅಂಟಿಸಿದರೆ ಎರಡು ದಿನದಲ್ಲಿ ಉದುರುತ್ತದೆ. ತೆಳುವಾದ ಸೊಂಡಿಲು ಬೇಗ ಒಣಗಿ ಕುಗ್ಗುತ್ತದೆ, ಹೊಟ್ಟೆ ಇನ್ನೂ ಹಸಿಯಾಗಿಯೇ ಇರುತ್ತದೆ. ಬಿರುಕು ಬಿಡುವುದು ಆ ಬೆಸುಗೆಯಲ್ಲೇ. ಅದಕ್ಕೇ ಎರಡೂ ಕಡೆ ಕಡ್ಡಿಯಿಂದ ಗೀರಿ, ನೀರಲ್ಲಿ ಕಲಸಿದ ತೆಳು ಮಣ್ಣು ಸವರಿ, ಒತ್ತಿ, ಸಂದು ಕಾಣದಂತೆ ತೀಡಬೇಕು.

ಆಮೇಲೆ ಆನೆಯನ್ನು ಬಿಸಿಲಿಗಿಡಬಾರದು. ನೆರಳಲ್ಲಿ, ಮೊದಲೆರಡು ದಿನ ಪ್ಲಾಸ್ಟಿಕ್ ಹಾಳೆಯನ್ನು ಸಡಿಲವಾಗಿ ಹೊದಿಸಿಟ್ಟರೆ ಎಲ್ಲ ಭಾಗವೂ ಸಮನಾಗಿ ಒಣಗುತ್ತದೆ. ಬಳಿಕ ಹೊದಿಕೆ ತೆಗೆದು, ಮಗ್ಗುಲು ಬದಲಿಸುತ್ತ ನಾಲ್ಕೈದು ದಿನ ಬಿಡಬೇಕು. ಈ ನಡುವೆ ಮಕ್ಕಳು ಕಾಗದ, ಬಣ್ಣ, ದಾರದ ಕೆಲಸ ಕಲಿಯುತ್ತಾರೆ. ಒಣಗಿದೆಯೇ ಎಂದು ತಿಳಿಯಲು ಆನೆಯನ್ನು ಕೆನ್ನೆಗೆ ಒತ್ತಿ ನೋಡಿದರೆ ಸಾಕು. ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ. ಹಾಗಿರುವಾಗ ಬಣ್ಣ ಹಚ್ಚಿದರೆ ಸಿಪ್ಪೆ ಏಳುತ್ತದೆ. ಸುಡಲು ಇಟ್ಟರೆ ಒಳಗಿನ ನೀರು ಆವಿಯಾಗಿ ಗೊಂಬೆ ಸಿಡಿಯುತ್ತದೆ. ಸುಡದ ಆನೆ ನೀರು ತಾಗಿದರೆ ಕರಗುತ್ತದೆ ಎಂಬುದನ್ನು ಮಗುವಿಗೆ ಮೊದಲೇ ಹೇಳಿರಬೇಕು.

ಎಂಟನೆಯ ದಿನ ಬಣ್ಣ, ಹತ್ತನೆಯ ದಿನ ಮನೆಗೆ. ಕೊನೆಯ ದಿನ ಮಣ್ಣು ಕೊಡುವ ಶಿಬಿರದಲ್ಲಿ ಮಗು ಹಸಿ ಆನೆಯನ್ನೇ ಹಿಡಿದು ಸ್ಕೂಟರ್ ಹತ್ತುತ್ತದೆ, ಮನೆ ಸೇರುವಷ್ಟರಲ್ಲಿ ಕಾಲು ಮುರಿದಿರುತ್ತದೆ.

ದಿನವೂ ಹೋಗಿ ನೋಡಲು ನಿಮಗೆ ಬಿಡುವಿಲ್ಲದಿರಬಹುದು. ಮೂರನೆಯ ದಿನ ಮಗುವನ್ನು ಕರೆತರಲು ಹೋದಾಗ ಐದು ನಿಮಿಷ ಒಳಗೆ ಹೋಗಿ. ಗೊಂಬೆಗಳು ನೆರಳಲ್ಲಿವೆಯೇ, ಅಡಿಯಲ್ಲಿ ಹೆಸರು ಗೀರಿದೆಯೇ ನೋಡಿ. ಎಲ್ಲ ಆನೆಗಳೂ ಒಂದೇ ಥರ ಇದ್ದರೆ ಅಚ್ಚು ಬಳಸಿದ್ದಾರೆ, ಇಲ್ಲವೇ ಮೇಷ್ಟ್ರೇ ತಿದ್ದಿದ್ದಾರೆ ಎಂದರ್ಥ. ಒಂದಕ್ಕೊಂದು ಹೋಲದ, ಸೊಟ್ಟ ಕಿವಿಯ ಆನೆಗಳು ಸಾಲಾಗಿ ಕಂಡರೆ ಕೊಟ್ಟ ಶುಲ್ಕ ಸಾರ್ಥಕ. ಮುಂದಿನ ವರ್ಷವೂ ಅಲ್ಲಿಗೇ ಕಳಿಸಿ.