ಮೊತ್ತವೇ ಕಾವಲುಗಾರ

ದಿನಸಿ ಅಂಗಡಿಯ ಬಿಲ್ಲನ್ನು ಸ್ಕ್ಯಾನ್ ಮಾಡಿ ಟೆಸರಾಕ್ಟ್‌ನಂಥ ಓಸಿಆರ್ ತಂತ್ರಾಂಶಕ್ಕೆ ಕೊಟ್ಟರೆ ಅಕ್ಷರಗಳು ಬರುತ್ತವೆ. ಅವು ಸರಿಯೇ ಎಂಬ ಖಾತರಿ ಬರುವುದಿಲ್ಲ. ಮಾಸಿದ ಥರ್ಮಲ್ ಕಾಗದದಲ್ಲಿ 3 ಎಂಬುದು 8 ಆಗಿಬಿಡಬಹುದು. ಆದರೆ ಬಿಲ್ಲಿನ ಸೊಗಸೇ ಬೇರೆ: ತನ್ನನ್ನು ಪರೀಕ್ಷಿಸುವ ಲೆಕ್ಕವನ್ನು ಅದು ತನ್ನೊಳಗೇ ಇಟ್ಟುಕೊಂಡಿರುತ್ತದೆ.

ಅಕ್ಕಿ 310, ತೊಗರಿಬೇಳೆ 296, ಎಣ್ಣೆ 138, ಒಟ್ಟು 744 ರೂಪಾಯಿ ಎಂದಿಟ್ಟುಕೊಳ್ಳಿ. ಓಸಿಆರ್ ಎಣ್ಣೆಯನ್ನು 188 ಎಂದು ಓದಿದರೆ ಸಾಲುಗಳ ಮೊತ್ತ 794 ಆಗುತ್ತದೆ. ವ್ಯತ್ಯಾಸ 50. ಈ ಸಂಖ್ಯೆಯೇ ಸುಳಿವು: ಹತ್ತರ ಸ್ಥಾನದಲ್ಲಿ ಐದರ ಅಂತರ, ಅಂದರೆ 3 ಮತ್ತು 8ರ ಗೊಂದಲವಿರಬಹುದು. ಪ್ರತಿ ಸಾಲಿನಲ್ಲೂ ಪ್ರಮಾಣವನ್ನು ದರದಿಂದ ಗುಣಿಸಿ ನೋಡಿದರೆ ತಪ್ಪಿದ ಸಾಲು ಸಿಕ್ಕಿಬೀಳುತ್ತದೆ: 1 ಲೀಟರಿಗೆ ದರ 138 ಇದ್ದಾಗ ಮೊತ್ತ 188 ಆಗದು.

ಹೋಲಿಕೆಯನ್ನು ಪೈಸೆಯ ಪೂರ್ಣಾಂಕಗಳಲ್ಲಿ ಮಾಡಬೇಕು. ದಶಮಾಂಶದ ಫ್ಲೋಟ್ ಸಂಖ್ಯೆಗಳು ಸರಿಯಾದ ಬಿಲ್ಲನ್ನೂ ತಪ್ಪೆನ್ನಬಹುದು. ತೆರಿಗೆ, ರಿಯಾಯಿತಿ, ರೌಂಡ್ ಆಫ್ ಸಾಲುಗಳನ್ನೂ ಲೆಕ್ಕಕ್ಕೆ ಸೇರಿಸಬೇಕು. ತಾಳೆಯಾದ ಬಿಲ್ಲಿನ ಎಲ್ಲ ಸಾಲುಗಳೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಡೇಟಾಬೇಸ್ ಸೇರಲಿ. ತಾಳೆಯಾಗದ್ದು ತನ್ನ ಚಿತ್ರದೊಂದಿಗೆ ಮನುಷ್ಯರ ಕಣ್ಣಿಗೆ ಬೀಳಲಿ. ಊಹಿಸಿದ ಅಂಕಿಯನ್ನು ಯಂತ್ರ ತಾನೇ ತುಂಬಬಾರದು.

ದಿನಾಂಕ, ಬಿಲ್ ಸಂಖ್ಯೆ, ವಸ್ತುವಿನ ಹೆಸರುಗಳನ್ನು ಈ ಲೆಕ್ಕ ಕಾಯಲಾರದು. ಅವುಗಳಿಗೆ ಬೇರೆ ಪರೀಕ್ಷೆ ಬೇಕು. ಆದರೆ ಹಣದ ಅಂಕಿಗಳ ಮಟ್ಟಿಗೆ, ಬರೀ ಕೂಡುವ ಗುಣಿಸುವ ಲೆಕ್ಕ ಇಷ್ಟು ನಿಖರವಾಗಿ ತಪ್ಪನ್ನು ತೋರಿಸುವುದು ನನಗೆ ಬಹಳ ಮೆಚ್ಚುಗೆಯ ಸಂಗತಿ.